ಹೇಳಿದ್ದು ನೆನಪಿನಲ್ಲಿ ಉಳಿಯದ ನಾಲ್ಕು ವಾರ: ಇಸಿಟಿಯ ಮುಂಚೆ, ಆಮೇಲೆ, ನಡುವೆ ಮಾತ್ರೆಯ ಪಾಠ

ವಾರ್ಡಿಗೆ ಬಂದಾಗ ಆಕೆಗೆ 58 ವರ್ಷ, ತೂಕ 50 ಕೆಜಿ. ಮೂರು ವಾರದಿಂದ ಊಟ ಹೆಚ್ಚುಕಡಿಮೆ ನಿಂತಿತ್ತು. "ನನ್ನ ಕರುಳೆಲ್ಲ ಒಣಗಿಹೋಗಿದೆ ಸಿಸ್ಟರ್, ಹಾಕಿದ್ದು ಎಲ್ಲಿಗೆ ಹೋಗಬೇಕು" ಎಂಬುದೊಂದೇ ಮಾತು, ಅದೂ ಹತ್ತು ಸಲ ಕೇಳಿದ ಮೇಲೆ. ಇದು ಬರೀ ಬೇಸರವಲ್ಲ, ಭ್ರಮೆ ಸೇರಿಕೊಂಡ ತೀವ್ರ ಖಿನ್ನತೆ. ಇಂಥ ಸ್ಥಿತಿಯಲ್ಲಿ ಮಾತ್ರೆ ಕೆಲಸ ಮಾಡಲಿ ಎಂದು ಆರು ವಾರ ಕಾಯುತ್ತ ಕೂರಲು ಬರುವುದಿಲ್ಲ. ಹೀಗಾಗಿ ಇಸಿಟಿಯ, ಅಂದರೆ ಅರಿವಳಿಕೆ ಕೊಟ್ಟು ತಲೆಗೆ ಕರೆಂಟ್ ಹಾಯಿಸಿ ಫಿಟ್ಸ್ ಬರಿಸುವ ಚಿಕಿತ್ಸೆಯ, ಮಾತು ಮೊದಲ ದಿನವೇ ಬಂತು. ಗುರುತು ಸಿಗದಂತೆ ಕೆಲವು ವಿವರ ಬದಲಿಸಿ, ಆಕೆಯ ಒಂಬತ್ತು ಸಿಟ್ಟಿಂಗ್‌ಗಳಲ್ಲಿ ನರ್ಸಿಂಗ್ ಕಡೆಯಿಂದ ಏನೇನು ಮಾಡಿದೆವು, ಎಲ್ಲಿ ಎಡವಿದೆವು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಮಾತ್ರೆಯ ವಿಷಯ, ಏಕೆಂದರೆ ಕೆಟ್ಟದ್ದು ಅಲ್ಲಿಂದಲೇ ಶುರುವಾಗಿತ್ತು. ಎರಡು ತಿಂಗಳ ಹಿಂದೆ ಖಿನ್ನತೆಗೆ ಸರ್ಟ್ರಲಿನ್ 50 ಮಿಗ್ರಾಂ ಬರೆದುಕೊಟ್ಟಿದ್ದರು. ಮೊದಲ ವಾರ ವಾಕರಿಕೆ, ಬೇಧಿ. ಹತ್ತನೇ ದಿನ "ಗುಣ ಕಾಣಲಿಲ್ಲ, ಹೊಟ್ಟೆ ಮಾತ್ರ ಕೆಟ್ಟಿತು" ಎಂದು ಬಿಟ್ಟಿದ್ದಾರೆ. ಆಸ್ಪತ್ರೆಗೆ ಬರುವ ಮೂರು ವಾರ ಮುಂಚೆ ಗಂಡ ಬಲವಂತ ಮಾಡಿ ಮತ್ತೆ ಶುರುಮಾಡಿಸಿದ್ದಾರೆ. ಹತ್ತು ದಿನ ತಿಂದು ಬಿಟ್ಟ ಮಾತ್ರೆಯನ್ನು 'ಸೋತ ಮಾತ್ರೆ' ಎಂದು ಲೆಕ್ಕ ಹಿಡಿಯಲಾಗದು. ಈ ಗುಂಪಿನ ಮಾತ್ರೆಗಳಲ್ಲಿ ಅಡ್ಡ ಪರಿಣಾಮ ಮೊದಲ ದಿನವೇ ಬರುತ್ತದೆ, ಗುಣ ಕಾಣಲು ಎರಡರಿಂದ ನಾಲ್ಕು ವಾರ, ಪೂರ್ತಿ ತಿಳಿಯಲು ಆರರಿಂದ ಎಂಟು ವಾರ ಬೇಕು. ವಾಕರಿಕೆ ಬಹುತೇಕ ಒಂದೆರಡು ವಾರದಲ್ಲಿ ತಾನೇ ಇಳಿಯುತ್ತದೆ, ಊಟದ ಜೊತೆ ತೆಗೆದುಕೊಂಡರೆ ಇನ್ನೂ ಹಗುರ. ಇದನ್ನು ಅವತ್ತೇ ಯಾರಾದರೂ ಕೂರಿಸಿ ಹೇಳಿದ್ದರೆ ಹತ್ತನೇ ದಿನಕ್ಕೆ ಮಾತ್ರೆ ನಿಲ್ಲುತ್ತಿರಲಿಲ್ಲವೇನೋ.

ಇನ್ನೊಂದು ಸಂಗತಿ ರಕ್ತ ಪರೀಕ್ಷೆಯಲ್ಲಿ ಸಿಕ್ಕಿತು. ಸೋಡಿಯಂ 126. ಇರಬೇಕಾದದ್ದು 135ರ ಮೇಲೆ. ಆಕೆ ಬಿಪಿಗೆ ವರ್ಷಗಳಿಂದ ಹೈಡ್ರೋಕ್ಲೋರೋಥಯಜೈಡ್ ತೆಗೆದುಕೊಳ್ಳುತ್ತಿದ್ದರು. ಅದು ಮೂತ್ರದ ಜೊತೆ ಸೋಡಿಯಂ ಹೊರಗೆ ಹಾಕುವ ಮಾತ್ರೆ. ಸರ್ಟ್ರಲಿನ್‌ನಂಥ ಮಾತ್ರೆಗಳು ದೇಹದಲ್ಲಿ ನೀರನ್ನು ಹಿಡಿದಿಟ್ಟು ಸೋಡಿಯಂ ಇಳಿಸಬಲ್ಲವು. ಎರಡೂ ಸೇರಿ, ಮೇಲೆ ಊಟವೂ ಇಲ್ಲದೆ, ಇಷ್ಟಕ್ಕೆ ಬಂದಿತ್ತು. ವಯಸ್ಸಾದ ಹೆಂಗಸರಲ್ಲಿ ಇದು ಹೆಚ್ಚು. ತೊಂದರೆ ಏನೆಂದರೆ ಸೋಡಿಯಂ ಇಳಿದಾಗ ಬರುವ ಸುಸ್ತು, ತಲೆನೋವು, ವಾಕರಿಕೆ, ಮಂಕು ಇವೆಲ್ಲ ಖಿನ್ನತೆಯ ಲಕ್ಷಣದಂತೆಯೇ ಕಾಣುತ್ತವೆ. ಮನೆಯವರು 'ಕಾಯಿಲೆ ಜಾಸ್ತಿಯಾಗಿದೆ' ಎಂದುಕೊಳ್ಳುತ್ತಾರೆ. ಎರಡೂ ಮಾತ್ರೆ ನಿಲ್ಲಿಸಿದರು. ಬಿಪಿಗೆ ಆಮ್ಲೋಡಿಪಿನ್, ಖಿನ್ನತೆಗೆ ಸೋಡಿಯಂ ಇಳಿಸುವ ಸಂಭವ ಕಡಿಮೆ ಇರುವ ಮಿರ್ಟಾಜಪಿನ್ 15 ಮಿಗ್ರಾಂ, ಭ್ರಮೆಗೆ ಓಲಂಜಪಿನ್ 5 ಮಿಗ್ರಾಂ ರಾತ್ರಿ. ಸೋಡಿಯಂ 133ಕ್ಕೆ ಬರಲು ನಾಲ್ಕು ದಿನ ಹಿಡಿಯಿತು. ಅವಸರದಲ್ಲಿ ಏರಿಸಿದರೆ ಮಿದುಳಿಗೇ ಪೆಟ್ಟು, ಹಾಗಾಗಿ ದಿನಕ್ಕೆ ಸ್ವಲ್ಪ ಸ್ವಲ್ಪವೇ. ಅಷ್ಟು ದಿನ ಇಸಿಟಿಯನ್ನು ತಡೆದದ್ದು ಸುಮ್ಮನೆ ಅಲ್ಲ: ಸೋಡಿಯಂ ಕಡಿಮೆ ಇದ್ದಾಗ ಫಿಟ್ಸ್ ಬೇಕಾದ್ದಕ್ಕಿಂತ ಉದ್ದ ಎಳೆಯಬಹುದು.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುವುದು ಡಾಕ್ಟರ ಕೆಲಸ. ಆದರೆ ಸಹಿಯಾದ ಮೇಲೆ ಬರುವ ಪ್ರಶ್ನೆಗಳೆಲ್ಲ ನಮ್ಮ ಬಳಿಗೇ. ಮಗಳು ಕೇಳಿದ್ದು ಒಂದೇ: "ಅಮ್ಮನಿಗೆ ನೋವಾಗುತ್ತಾ ಸಿಸ್ಟರ್? ಮರೆವು ಬರುತ್ತಾ?" ನೋವು ಗೊತ್ತಾಗುವುದಿಲ್ಲ, ಪೂರ್ತಿ ಅರಿವಳಿಕೆಯಲ್ಲಿ ಮಾಡುವುದು. ಮರೆವು ಬರುತ್ತದೆ. ಚಿಕಿತ್ಸೆ ನಡೆಯುವ ದಿನಗಳಲ್ಲಿ ಹೊಸದಾಗಿ ಹೇಳಿದ್ದು ನಿಲ್ಲುವುದಿಲ್ಲ, ಅದು ಮುಗಿದ ಕೆಲವು ವಾರಗಳಲ್ಲಿ ಸರಿಹೋಗುತ್ತದೆ. ಚಿಕಿತ್ಸೆಯ ಆಸುಪಾಸಿನ ವಾರ, ತಿಂಗಳುಗಳ ಕೆಲವು ನೆನಪು ವಾಪಸು ಬಾರದೆಯೂ ಇರಬಹುದು. 'ಏನೂ ಆಗಲ್ಲ' ಎಂದು ಹೇಳಿ ಸಾಗಹಾಕಿದರೆ ಐದನೇ ಸಿಟ್ಟಿಂಗ್ ಹೊತ್ತಿಗೆ ಮನೆಯವರ ನಂಬಿಕೆ ಕಳೆದುಕೊಳ್ಳುತ್ತೇವೆ.

ಈ ಮರೆವಿನಿಂದಾಗಿ ನಮ್ಮ ಪಾಠದ ಕ್ರಮವನ್ನೇ ತಿರುಗಿಸಬೇಕಾಗುತ್ತದೆ. ಮಾಮೂಲಿಯಾಗಿ ರೋಗಿಗೆ ಹೇಳಿ, ತಿಳಿಯಿತಾ ಎಂದು ಅವರ ಬಾಯಿಂದಲೇ ಹೇಳಿಸಿ, ಕೇಸ್ ಶೀಟಿನಲ್ಲಿ ಬರೆದರೆ ಮುಗಿಯಿತು. ಇಸಿಟಿ ನಡೆಯುವಾಗ ಬೆಳಿಗ್ಗೆ ಸರಿಯಾಗಿ ತಿರುಗಿ ಒಪ್ಪಿಸಿದವರು ಸಂಜೆಗೆ 'ನೀವು ಹೇಳಲೇ ಇಲ್ಲವಲ್ಲ' ಎನ್ನುತ್ತಾರೆ, ಅದು ಸುಳ್ಳೂ ಅಲ್ಲ. ಹಾಗಾಗಿ ಮುಖ್ಯ ಪಾಠ ಮಗಳಿಗೆ, ರೋಗಿಗೆ ಪ್ರತಿಸಲ ಒಂದೊಂದೇ ಮಾತು, ಎಲ್ಲವೂ ಒಂದು ಹಾಳೆಯ ಮೇಲೆ ದೊಡ್ಡ ಅಕ್ಷರದಲ್ಲಿ. ಇದನ್ನು ನಾವು ಮೊದಲೇ ಮಾಡಿದ್ದೆವು ಎಂದು ಹೇಳಿಕೊಳ್ಳುವಂತಿಲ್ಲ. ಅರ್ಧ ದಾರಿಯಲ್ಲಿ ಬುದ್ಧಿ ಬಂತು.

ಮೊದಲ ಸಿಟ್ಟಿಂಗ್‌ನ ಹಿಂದಿನ ಸಂಜೆ ತಲೆಗೆ ಸ್ನಾನ, ಎಣ್ಣೆ ಇಲ್ಲ. ಎಣ್ಣೆಯ ಪದರ ಎಲೆಕ್ಟ್ರೋಡ್‌ಗೂ ಚರ್ಮಕ್ಕೂ ನಡುವೆ ತಡೆ ಹಾಕುತ್ತದೆ, ಮೆಷಿನ್ನಿನ ಪರೀಕ್ಷೆಯಲ್ಲಿ ತಡೆ ಜಾಸ್ತಿ ತೋರಿಸುತ್ತದೆ, ಚರ್ಮ ಸುಡುವ ಅಪಾಯವೂ ಇದೆ. ಬೆಳಿಗ್ಗೆ ಕೂದಲು ಪೂರ್ತಿ ಒಣಗಿರಬೇಕು, ಪಿನ್ನು ಕ್ಲಿಪ್ಪು ಒಂದೂ ಇರಬಾರದು. ಗಟ್ಟಿ ಆಹಾರ, ಹಾಲು ನಿಂತು ಕನಿಷ್ಠ ಆರು ಗಂಟೆ, ತಿಳಿ ನೀರು ನಿಂತು ಎರಡು ಗಂಟೆ ಆಗಿರಬೇಕು. ಆಮ್ಲೋಡಿಪಿನ್ ಮಾತ್ರ ಬೆಳಿಗ್ಗೆ ಒಂದು ಗುಟುಕು ನೀರಿನಲ್ಲಿ ಕೊಟ್ಟೆವು. 'ಏನೂ ಕೊಡಬೇಡಿ' ಎಂದರೆ ಬಿಪಿ ಮಾತ್ರೆಯನ್ನೂ ನಿಲ್ಲಿಸುವ ತಪ್ಪು ತುಂಬ ಕಡೆ ಆಗುತ್ತದೆ. ಫಿಟ್ಸ್ ಬಂದ ಮೇಲೆ ಬಿಪಿ ಜಿಗಿಯುವುದೇ, ಮಾತ್ರೆ ತಪ್ಪಿಸಿದರೆ ಇನ್ನೂ ಮೇಲೆ. ಯಾವ ಮಾತ್ರೆ ಕೊಡಬೇಕು, ಯಾವುದು ಬೇಡ ಎಂಬುದನ್ನು ಅರಿವಳಿಕೆ ಡಾಕ್ಟರು ಒಂದೊಂದಾಗಿ ಬರೆದುಕೊಡಬೇಕು.

ಬೆಳಿಗ್ಗೆ ಕರೆದೊಯ್ಯುವ ಮುಂಚೆ ಮೂತ್ರ ಮಾಡಿಸಿದೆವು, ಇಲ್ಲದಿದ್ದರೆ ಟೇಬಲ್ಲಿನ ಮೇಲೆ ಆಗುತ್ತದೆ. ಉಗುರಿನ ಬಣ್ಣ ಒಂದು ಬೆರಳಿನದಾದರೂ ತೆಗೆಯಬೇಕು, ಆಕ್ಸಿಜನ್ ಕ್ಲಿಪ್ ಹಾಕಲು. ಬಾಯಿಯೊಳಗೆ ಟಾರ್ಚ್ ಹಾಕಿ ನೋಡಲೇಬೇಕು. 'ಹಲ್ಲಿನ ಸೆಟ್ ಇದೆಯಾ' ಎಂದು ಕೇಳಿದರೆ ಖಿನ್ನತೆಯ ರೋಗಿ ತಲೆ ಅಲ್ಲಾಡಿಸುತ್ತಾರೆ, ಯಾವ ಕಡೆಗೆ ಎಂಬುದೇ ಗೊತ್ತಾಗುವುದಿಲ್ಲ. ಆಕೆಗೆ ಮೇಲಿನ ಭಾಗದ ಸೆಟ್ ಇತ್ತು, ಕೆಳಗೆ ಎಡಗಡೆ ಒಂದು ಹಲ್ಲು ಅಲ್ಲಾಡುತ್ತಿತ್ತು. ಆ ಹಲ್ಲಿನ ವಿಷಯವನ್ನು ಬರೆದದ್ದಲ್ಲದೆ ಬಾಯಿಂದಲೂ ಹೇಳಿದೆವು. ಸೆಟ್, ಕನ್ನಡಕ, ಬಲಗಿವಿಯ ಶ್ರವಣ ಸಾಧನ ಮೂರೂ ಹೆಸರು ಬರೆದ ಒಂದು ಡಬ್ಬಿಯಲ್ಲಿ. ಈ ಡಬ್ಬಿಯ ಮಾತು ಮುಂದೆ ಬರುತ್ತದೆ.

ಮನೆಯವರನ್ನು ಕೇಳಲೇಬೇಕಾದ ಒಂದು ಪ್ರಶ್ನೆಯೂ ಇದೆ: ಮನೆತನದಲ್ಲಿ ಯಾರಿಗಾದರೂ ಆಪರೇಷನ್ ವೇಳೆ ಉಸಿರು ಬೇಗ ಮರಳದೆ ಹೋಗಿತ್ತೇ? ಸ್ನಾಯು ಸಡಿಲಿಸಲು ಕೊಡುವ ಸಕ್ಸಿನಿಲ್‌ಕೋಲಿನ್ ಅನ್ನು ರಕ್ತದಲ್ಲಿರುವ ಒಂದು ಕಿಣ್ವ ಕೆಲವೇ ನಿಮಿಷದಲ್ಲಿ ಒಡೆಯುತ್ತದೆ. ಆ ಕಿಣ್ವ ಹುಟ್ಟಿನಿಂದಲೇ ಸರಿಯಿಲ್ಲದವರಲ್ಲಿ ಐದು ನಿಮಿಷದ ಔಷಧಿ ಗಂಟೆಗಟ್ಟಲೆ ಹಿಡಿದುಕೊಳ್ಳಬಹುದು.

ಒಳಗೆ ನಡೆಯುವುದು ಒಟ್ಟು ಹತ್ತು ಹದಿನೈದು ನಿಮಿಷ. ಗ್ಲೈಕೋಪೈರೋಲೇಟ್ 0.2 ಮಿಗ್ರಾಂ, ಆಮೇಲೆ ಅರಿವಳಿಕೆಗೆ ಥಯೋಪೆಂಟೋನ್ 125 ಮಿಗ್ರಾಂ. ಕಣ್ಣು ಮುಚ್ಚಿದ ಮೇಲೆ ಬಲಗಾಲಿನ ಹರಡಿಗೆ ಬಿಪಿ ಪಟ್ಟಿ ಕಟ್ಟಿ, ಮೇಲಿನ ಬಿಪಿಗಿಂತ ಸಾಕಷ್ಟು ಹೆಚ್ಚು ಒತ್ತಡಕ್ಕೆ ಉಬ್ಬಿಸಿ, ಆಮೇಲಷ್ಟೇ ಸಕ್ಸಿನಿಲ್‌ಕೋಲಿನ್ 40 ಮಿಗ್ರಾಂ. ಈ ಕ್ರಮ ತಪ್ಪಬಾರದು. ಪಟ್ಟಿಯ ಕೆಳಗಿನ ಪಾದಕ್ಕೆ ಔಷಧಿ ತಲುಪದಿರುವುದರಿಂದ ಫಿಟ್ಸ್ ಅಲ್ಲಿ ಮಾತ್ರ ಕಣ್ಣಿಗೆ ಕಾಣುತ್ತದೆ, ಉಳಿದ ದೇಹ ಸುಮ್ಮನಿರುತ್ತದೆ. ಔಷಧಿ ಕೊಟ್ಟ ಮೇಲೆ ಪಟ್ಟಿ ಉಬ್ಬಿಸಿದರೆ ಪಾದವೂ ಸುಮ್ಮನಾಗಿ, ಎಷ್ಟು ಸೆಕೆಂಡು ನಡೆಯಿತೆಂದು ನೋಡಲು ಮಿದುಳಿನ ಅಲೆ ತೋರಿಸುವ ಇಇಜಿ ಒಂದೇ ಗತಿ. ಸ್ನಾಯುಗಳ ಸಣ್ಣ ಮಿಡುಕು ಮುಖದಿಂದ ಶುರುವಾಗಿ ಕಾಲಿನವರೆಗೆ ಇಳಿದು ನಿಂತ ಮೇಲೆ ಬಾಯಿಗೆ ರಬ್ಬರ್ ಬ್ಲಾಕ್. ಸ್ನಾಯು ಸಡಿಲವಾಗಿದೆಯಲ್ಲ, ಬ್ಲಾಕ್ ಯಾಕೆ ಎಂದು ಹೊಸ ನರ್ಸ್‌ಗಳು ಕೇಳುವುದುಂಟು. ದವಡೆಯ ಸ್ನಾಯುಗಳಿಗೆ ಕರೆಂಟ್ ನೇರವಾಗಿ ತಾಗುತ್ತದೆ, ಔಷಧಿ ಇದ್ದರೂ ದವಡೆ ಗಪ್ಪನೆ ಕಚ್ಚಿಕೊಳ್ಳುತ್ತದೆ. ಅದಕ್ಕೇ ಆ ಅಲ್ಲಾಡುವ ಹಲ್ಲಿನ ಮೇಲೆ ಭಾರ ಬೀಳದ ಹಾಗೆ ಬ್ಲಾಕ್ ಕೂರಿಸಿದರು, ತುಟಿ ನಾಲಿಗೆ ನಡುವೆ ಸಿಕ್ಕಿಲ್ಲ ಎಂದು ಬೆರಳಾಡಿಸಿ ನೋಡಿ ಗದ್ದ ಮೇಲಕ್ಕೆ ಒತ್ತಿ ಹಿಡಿದರು.

ಎಲೆಕ್ಟ್ರೋಡ್ ಎರಡೂ ಬಲಗಡೆಯೇ. ಮರೆವು ಸ್ವಲ್ಪ ಕಡಿಮೆ ಇರಲಿ ಎಂದು. ಮೊದಲ ದಿನ ಎಷ್ಟು ಕರೆಂಟಿಗೆ ಫಿಟ್ಸ್ ಬರುತ್ತದೆ ಎಂದು ಹುಡುಕುವ ಕೆಲಸ. 25 ಮಿಲಿಕೂಲಂಬ್‌ಗೆ ಬರಲಿಲ್ಲ, ಪಲ್ಸ್ ಮಾತ್ರ 82ರಿಂದ 54ಕ್ಕೆ ಇಳಿಯಿತು. ಕರೆಂಟ್ ಕೊಟ್ಟ ಕ್ಷಣ ಪಲ್ಸ್ ಇಳಿಯುವುದು ಸಹಜ, ಫಿಟ್ಸ್ ಬಂದರೆ ಅದರ ಹಿಂದೆಯೇ ಏರುತ್ತದೆ. ಫಿಟ್ಸ್ ಬಾರದಿದ್ದರೆ ಏರಿಸುವವರು ಯಾರೂ ಇಲ್ಲ. ಗ್ಲೈಕೋಪೈರೋಲೇಟ್ ಕೊಡುವುದು ಮುಖ್ಯವಾಗಿ ಈ ಗಳಿಗೆಗೆ. ಅರ್ಧ ನಿಮಿಷ ಬಿಟ್ಟು 50 ಮಿಲಿಕೂಲಂಬ್ ಕೊಟ್ಟಾಗ ಬಲಪಾದ 38 ಸೆಕೆಂಡು ಅದುರಿತು, ಇಇಜಿಯಲ್ಲಿ 46. ಬಲಗಡೆಯ ಇಸಿಟಿಗೆ ಆ ಮಟ್ಟದ ಆರು ಪಟ್ಟು ಬೇಕೆಂದು ಎರಡನೇ ಸಿಟ್ಟಿಂಗ್‌ನಿಂದ 300 ಮಿಲಿಕೂಲಂಬ್.

ಈಗ ರಿಕವರಿ ಕೋಣೆ. ಎಡ ಮಗ್ಗುಲಿಗೆ ಹೊರಳಿಸಿ, ಬಾಯಿಯ ಜೊಲ್ಲು ಸಕ್ಷನ್ ಮಾಡಿ, ಮಾಸ್ಕಿನಲ್ಲಿ ಆಕ್ಸಿಜನ್, ಮಂಚದ ಎರಡೂ ಕಡೆ ತಡೆ ಏರಿಸಿ ನಿಂತೆವು. ಮೊದಲ ಅರ್ಧ ಗಂಟೆ ಪ್ರತಿ ಐದು ನಿಮಿಷಕ್ಕೆ ಪಲ್ಸ್, ಬಿಪಿ, ಉಸಿರು, ಸ್ಯಾಚುರೇಷನ್. ಮೊದಲ ಬಿಪಿ 174/98 ಇತ್ತು, ಹದಿನೈದು ನಿಮಿಷಕ್ಕೆ 140/84ಕ್ಕೆ ಇಳಿಯಿತು. ಒಂದು ಅಂಕಿ ನೋಡಿ ಹೆದರಬೇಕಿಲ್ಲ, ಮೂರು ಅಂಕಿ ಸಾಲಾಗಿ ಇಳಿಯದಿದ್ದರೆ ಕರೆಯಬೇಕು. ಸ್ಯಾಚುರೇಷನ್ ಇಳಿದರೆ ಮೊದಲು ಆಕ್ಸಿಜನ್ ಜಾಸ್ತಿ ಮಾಡುವುದಲ್ಲ, ಗದ್ದ ಎತ್ತಿ ಉಸಿರಿನ ದಾರಿ ಬಿಡಿಸುವುದು. ಬಹಳ ಸಲ ನಾಲಿಗೆ ಹಿಂದಕ್ಕೆ ಬಿದ್ದಿರುತ್ತದೆ, ಅಷ್ಟೆ.

ಕಣ್ಣು ಬಿಟ್ಟ ಆಕೆ ಎದ್ದು ಕೂರಲು ಹೆಣಗಿದರು, ಡ್ರಿಪ್ಪಿನ ಕೈ ಎಳೆದರು. ಇಂಥ ಹೊತ್ತಿನಲ್ಲಿ ನಾಲ್ಕು ಜನ ಮುತ್ತಿ ಹಿಡಿದುಕೊಂಡರೆ ಗಾಬರಿ ದುಪ್ಪಟ್ಟಾಗುತ್ತದೆ. ಒಬ್ಬರೇ ಮಾತಾಡಬೇಕು, ಮೆಲ್ಲಗೆ, ಅದೇ ಮೂರು ವಾಕ್ಯ: "ಅಮ್ಮ, ನೀವು ಆಸ್ಪತ್ರೆಯಲ್ಲಿದ್ದೀರಿ. ಚಿಕಿತ್ಸೆ ಮುಗಿಯಿತು. ಮಗಳು ಹೊರಗೆ ಕೂತಿದ್ದಾಳೆ." ಹತ್ತು ಸಲ ಬೇಕಾದರೆ ಹತ್ತು ಸಲ. ಬೆಳಕು ತಗ್ಗಿಸಿದೆವು. ಐದಾರು ನಿಮಿಷದಲ್ಲಿ ಇಳಿಯಿತು. ಇಳಿಯದೆ ಬಿದ್ದುಬಿಡುವ ಮಟ್ಟಕ್ಕೆ ಹೋದರೆ ಡಾಕ್ಟರು ಮಿಡಜೋಲಾಮ್ ಸ್ವಲ್ಪ ಕೊಡುತ್ತಾರೆ.

ಸ್ವಂತ ಉಸಿರು ಸರಿಯಾಗಿ ಬಂದ ಹೊತ್ತಿನಿಂದ ಗಡಿಯಾರ ಹಿಡಿದು ಐದು ಪ್ರಶ್ನೆ ಕೇಳುತ್ತೇವೆ: ಹೆಸರು, ವಯಸ್ಸು, ಹುಟ್ಟಿದ ದಿನ, ಇರುವ ಜಾಗ, ಇವತ್ತು ಯಾವ ವಾರ. ಐದರಲ್ಲಿ ನಾಲ್ಕು ಸರಿಯಾಗಲು ಹಿಡಿದ ನಿಮಿಷವನ್ನು ಬರೆದಿಡಬೇಕು. 'ರೋಗಿ ಎಚ್ಚರವಾಗಿದ್ದಾರೆ' ಎಂದು ಬರೆದರೆ ಅದರಿಂದ ಯಾರಿಗೂ ಉಪಯೋಗವಿಲ್ಲ. ಈ ನಿಮಿಷ ಸಿಟ್ಟಿಂಗ್‌ನಿಂದ ಸಿಟ್ಟಿಂಗ್‌ಗೆ ಏರುತ್ತ ಹೋದರೆ ಹಳೆಯ ನೆನಪಿಗೂ ಪೆಟ್ಟು ಜಾಸ್ತಿ ಬೀಳಬಹುದು ಎಂಬುದರ ಸೂಚನೆ ಅದು. ಮೊದಲ ದಿನ 11 ನಿಮಿಷ.

ಎರಡನೇ ದಿನ 26 ನಿಮಿಷ ಬಂತು. ಹೊಸದಾಗಿ ಬಂದ ಸಿಸ್ಟರ್ ಗಾಬರಿಯಾಗಿ ಫೋನ್ ಹಿಡಿದರು. ನೋಡಿದರೆ ಆ ಡಬ್ಬಿ ವಾರ್ಡಿನಲ್ಲೇ ಉಳಿದಿತ್ತು. ಕನ್ನಡಕವಿಲ್ಲದೆ ಗೋಡೆಯ ಕ್ಯಾಲೆಂಡರ್ ಕಾಣದು, ಶ್ರವಣ ಸಾಧನವಿಲ್ಲದೆ ಪ್ರಶ್ನೆ ಕೇಳದು, ಹಲ್ಲಿನ ಸೆಟ್ಟಿಲ್ಲದೆ ಉತ್ತರ ನಮಗೆ ತಿಳಿಯದು. ಸಾಧನ ಕಿವಿಗಿಟ್ಟ ಒಂದೇ ನಿಮಿಷಕ್ಕೆ ನಾಲ್ಕು ಉತ್ತರ ಸರಿಯಾದವು. ಆ 26ರ ಪಕ್ಕದಲ್ಲಿ ಈ ಕಾರಣವನ್ನೂ ಬರೆದೆವು. ಅಂದಿನಿಂದ ಡಬ್ಬಿ ರೋಗಿಯ ಟ್ರಾಲಿಯ ತಲೆದಿಂಬಿನ ಕೆಳಗೆ, ರೋಗಿಯ ಜೊತೆಗೇ. ಕನ್ನಡಕ, ಸಾಧನ ಕಣ್ಣು ಬಿಟ್ಟ ಕೂಡಲೇ. ಹಲ್ಲಿನ ಸೆಟ್ ಮಾತ್ರ ಪೂರ್ತಿ ಎಚ್ಚರವಾಗಿ ನುಂಗಲು ಬಂದ ಮೇಲೆ.

ನುಂಗುವುದನ್ನು ಮೊದಲು ಒಂದು ಚಮಚ ನೀರಿನಲ್ಲಿ ನೋಡಬೇಕು. ಕೆಮ್ಮಿಲ್ಲದೆ ಇಳಿದರೆ ಮುಂದಿನದು. ಮಂಚದ ಅಂಚಿನಲ್ಲಿ ಕೂರಿಸಿ, ತಲೆ ತಿರುಗದಿದ್ದರೆ ನಿಲ್ಲಿಸಿ, ಮೊದಲ ಸಲ ಶೌಚಕ್ಕೆ ಹೋಗುವಾಗ ಪಕ್ಕದಲ್ಲೇ ಹೋಗಿ. ಬೀಳುವುದು ಹೆಚ್ಚಾಗಿ ಆಗಲೇ. ತಲೆನೋವಿಗೆ ಪ್ಯಾರಾಸಿಟಮಾಲ್ ಸಾಕಾಗುತ್ತದೆ. ಮೈ ಕೈ ನೋವು ಫಿಟ್ಸ್‌ನದ್ದಲ್ಲ, ಬಹುಪಾಲು ಸಕ್ಸಿನಿಲ್‌ಕೋಲಿನ್‌ನ ಆ ಮಿಡುಕಿನದು, ಮೊದಲ ಸಿಟ್ಟಿಂಗ್‌ನಲ್ಲೇ ಹೆಚ್ಚು.

ಮೂರನೇ ಸಿಟ್ಟಿಂಗ್‌ನಲ್ಲಿ 300 ಮಿಲಿಕೂಲಂಬ್‌ಗೆ ಪಾದ ಅದುರಿದ್ದು ಬರೀ 9 ಸೆಕೆಂಡು, ಇಇಜಿಯಲ್ಲಿ 14. ಕನಿಷ್ಠ ಇಪ್ಪತ್ತಾದರೂ ಇರಬೇಕು. ಎಲೆಕ್ಟ್ರೋಡ್ ಸರಿಯಾಗಿತ್ತು, ಮೆಷಿನ್ ತೋರಿಸಿದ ತಡೆಯೂ ಮಿತಿಯಲ್ಲಿತ್ತು, ಥಯೋಪೆಂಟೋನ್ ಹಿಂದಿನಷ್ಟೇ. ಡಾಕ್ಟರು ಇನ್ನಷ್ಟು ಅರಿವಳಿಕೆ ಕೊಡಿಸಿ ಹೆಚ್ಚಿನ ಕರೆಂಟಿನಲ್ಲಿ ಇನ್ನೊಮ್ಮೆ ಮಾಡಿದರು, 31 ಸೆಕೆಂಡು ಬಂತು. ಅವತ್ತು ಉತ್ತರ ಹೇಳಲು 19 ನಿಮಿಷ ಹಿಡಿಯಿತು. ಮುಂದಿನ ಸಲಕ್ಕೆ ಕರೆಂಟ್ ಏರಿಸುವ ಮಾತು ಬಂದಾಗ ಔಷಧಿ ಚಾರ್ಟಿನ ಹಿಂದಿನ ಪುಟ ತಿರುಗಿಸಿದೆವು. ರಾತ್ರಿ 11:20ಕ್ಕೆ ಲೋರಜೆಪಾಮ್ 2 ಮಿಗ್ರಾಂ, 'ನಿದ್ದೆ ಇಲ್ಲ'. ದಾಖಲಾದ ದಿನ 'ಬೇಕಾದರೆ ಕೊಡಿ' ಎಂದು ಬರೆದ ಆದೇಶ ಹಾಗೇ ಉಳಿದಿತ್ತು, ಅದನ್ನು ಯಾರೂ ಹೊಡೆದುಹಾಕಿರಲಿಲ್ಲ. ಲೋರಜೆಪಾಮ್ ಫಿಟ್ಸ್ ತಡೆಯುವ ಔಷಧಿಯೇ. ರಾತ್ರಿ ಕೊಟ್ಟದ್ದು ಬೆಳಿಗ್ಗೆ ಎಂಟೂವರೆಗೆ ಇನ್ನೂ ಅರ್ಧಕ್ಕಿಂತ ಹೆಚ್ಚು ಮೈಯಲ್ಲಿರುತ್ತದೆ.

ರಾತ್ರಿಯ ಸಿಸ್ಟರ್‌ದು ತಪ್ಪೆಂದು ಹೇಳಿ ಮುಗಿಸುವುದು ಸುಲಭ. ಆದೇಶ ಚಾರ್ಟಿನಲ್ಲಿತ್ತು, ರೋಗಿ ಹೊರಳಾಡುತ್ತಿದ್ದರು, ಕೊಟ್ಟರು. ತಪ್ಪು ಮೊದಲ ಸಿಟ್ಟಿಂಗ್‌ನ ಹಿಂದಿನ ದಿನ ಚಾರ್ಟನ್ನು ಇಸಿಟಿಯ ಕಣ್ಣಿನಿಂದ ನೋಡದ ಹಗಲು ಪಾಳಿಯ ನಮ್ಮದು. ಕಾರಣ ಸಿಗದಿದ್ದರೆ ಆಗುತ್ತಿದ್ದದ್ದು ಇಷ್ಟು: ಉಳಿದ ಆರು ಸಿಟ್ಟಿಂಗ್‌ಗೂ ಬೇಡದ ಹೆಚ್ಚಿನ ಕರೆಂಟ್, ಅದರ ಲೆಕ್ಕಕ್ಕೆ ಬೇಡದ ಮರೆವು. ಆದೇಶ ಹೊಡೆದುಹಾಕಿಸಿದೆವು. ನಾಲ್ಕನೇ ಸಲ ಅದೇ 300ಕ್ಕೆ 36 ಸೆಕೆಂಡು ಬಂತು. ಈಗ ಹ್ಯಾಂಡೊವರ್‌ನಲ್ಲಿ ಒಂದು ಸಾಲು ಸೇರಿದೆ: ನಾಳೆ ಇಸಿಟಿ ಇರುವವರ ನಿದ್ದೆ ಮಾತ್ರೆ, ಫಿಟ್ಸ್ ಮಾತ್ರೆ, ಲಿಥಿಯಂ, ಸಕ್ಕರೆ ಕಾಯಿಲೆಯ ಔಷಧಿ ಇವುಗಳ ಮುಂದೆ 'ಕೊಡಿ' ಅಥವಾ 'ಬೇಡ' ಎಂದು ಬರೆದಿದೆಯೇ? ಖಾಲಿ ಇದ್ದರೆ ಫೋನ್ ಮಾಡಿ ಕೇಳುವುದು, ಊಹಿಸುವುದಲ್ಲ.

ನಾಲ್ಕನೇ ಸಿಟ್ಟಿಂಗ್‌ನ ಮಧ್ಯಾಹ್ನ ಆಕೆ ತಾವೇ ತಟ್ಟೆ ಎಳೆದುಕೊಂಡು ಅರ್ಧ ಊಟ ಮಾಡಿದರು. ಮನೆಯವರಿಗೆ ಹಬ್ಬ. ನಮಗೆ ಅಂದಿನಿಂದ ನಿಗಾ ಜಾಸ್ತಿ. ಕೈಕಾಲಿಗೆ ಶಕ್ತಿ ಮೊದಲು ಬರುತ್ತದೆ, ಸಾಯುವ ಯೋಚನೆ ಹೋಗುವುದು ಆಮೇಲೆ. ನಡುವಿನ ದಿನಗಳು ಕೆಟ್ಟವು. ಮಾತ್ರೆ ಕೆಲಸ ಶುರುಮಾಡುವಾಗಲೂ ಇದೇ, 25 ವರ್ಷದೊಳಗಿನವರಲ್ಲಿ ಮೊದಲ ವಾರಗಳಲ್ಲಿ ಇನ್ನೂ ಎಚ್ಚರ ಬೇಕು. ಸುತ್ತಿ ಬಳಸಿ ಕೇಳದೆ ನೇರವಾಗಿಯೇ ಕೇಳಿದೆವು: "ಸತ್ತರೆ ಸಾಕು ಅನ್ನಿಸುತ್ತಾ ಅಮ್ಮ? ಹೇಗೆ ಅಂತ ಯೋಚನೆ ಮಾಡಿದ್ದೀರಾ?" ಆಕೆ ಬಹಳ ಹೊತ್ತು ಸುಮ್ಮನಿದ್ದು "ಮೊದಲು ಅಷ್ಟು ಮಾಡೋ ತ್ರಾಣಾನೂ ಇರಲಿಲ್ಲ" ಅಂದರು. ಆ ಮಾತನ್ನು ಅವರದೇ ಶಬ್ದದಲ್ಲಿ ಬರೆದು ಡಾಕ್ಟರಿಗೆ ತಿಳಿಸಿದೆವು, ಕಣ್ಗಾವಲು ಬಿಗಿಯಾಯಿತು. ರಾತ್ರಿ ಮಾತ್ರೆ ಕೊಟ್ಟ ಮೇಲೆ ನಾಲಿಗೆಯ ಕೆಳಗೆ, ಕೆನ್ನೆಯ ಸಂದಿಯಲ್ಲಿ ನೋಡುವುದು ಶುರುವಾಯಿತು. ಮಾತ್ರೆ ಕೂಡಿಡುವವರು ಇರುತ್ತಾರೆ. ಮಿರ್ಟಾಜಪಿನ್ ನಾಲಿಗೆಯ ಮೇಲೆ ಕರಗುವ ರೂಪದಲ್ಲೂ ಸಿಗುವುದರಿಂದ ಅದಕ್ಕೆ ಬದಲಿಸಿದರು, ಆ ಚಿಂತೆ ಅರ್ಧ ಇಳಿಯಿತು.

ಊಟದ ರುಚಿ ಮರಳಿದ್ದರಿಂದಲೇ ಎರಡನೇ ಎಡವಟ್ಟು. ಆರನೇ ಸಿಟ್ಟಿಂಗ್‌ನ ಬೆಳಿಗ್ಗೆ ಆರಕ್ಕೆ ಪಕ್ಕದ ಮಂಚದವರ ಹತ್ತಿರ ಕೇಳಿ ಒಂದು ಲೋಟ ಹಾಲು ಕುಡಿದುಬಿಟ್ಟಿದ್ದರು. ರಾತ್ರಿ ಹೇಳಿದ್ದೆವು, ಅವರೂ ತಿರುಗಿ ಹೇಳಿದ್ದರು. "ನನಗೆ ಯಾರೂ ಹೇಳಲಿಲ್ಲ ಸಿಸ್ಟರ್" ಎಂದು ಅತ್ತರು. ಮೊದಲ ವಾರ ಊಟವೇ ಬೇಡವಾಗಿದ್ದಾಗ ಖಾಲಿ ಹೊಟ್ಟೆ ಕಷ್ಟವಿರಲಿಲ್ಲ. ಈಗ ಹಸಿವೂ ಬಂತು, ಮರೆವೂ ಬಂತು, ನಮ್ಮ ಸೂಚನೆ ಮಾತ್ರ ಮೊದಲಿನಂತೆ ಬಾಯಿಮಾತಿನಲ್ಲೇ ಇತ್ತು. ಹಾಲು ನೀರಿನಂತಲ್ಲ, ಗಟ್ಟಿ ಆಹಾರದ ಲೆಕ್ಕ. ಅರಿವಳಿಕೆಯಲ್ಲಿ ಹೊಟ್ಟೆಯಿಂದ ಮೇಲೆ ಬಂದರೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಸಿಟ್ಟಿಂಗ್ ಮರುದಿನಕ್ಕೆ ಹೋಯಿತು. ನಾವು ಬೈಯುವ ಹಾಗೂ ಇರಲಿಲ್ಲ, ಆಕೆಯೇ ತಾವಾಗಿ ಹೇಳಿದ್ದರಿಂದ ತಾನೇ ನಮಗೆ ಗೊತ್ತಾದದ್ದು. ಆಮೇಲಿನ ರಾತ್ರಿಗಳಲ್ಲಿ ನೀರಿನ ಜಗ್ಗು, ಲೋಟ ತೆಗೆದಿಟ್ಟು, ಮಂಚದ ತಲೆಗೆ 'ನಾಳೆ ಬೆಳಿಗ್ಗೆ ಏನೂ ಕೊಡಬೇಡಿ' ಎಂದು ಬರೆದ ಹಲಗೆ ತೂಗುಹಾಕಿ, ಪಕ್ಕದ ಮಂಚದವರಿಗೂ ಹೇಳಿದೆವು. ಕರೆದೊಯ್ಯುವ ಮುಂಚೆ "ಏನಾದರೂ ತಿಂದಿರಾ" ಎಂದು ರೋಗಿಯನ್ನೊಬ್ಬರನ್ನೇ ಕೇಳುವುದನ್ನು ಬಿಟ್ಟೆವು.

ಒಪ್ಪಿಗೆಯದ್ದೂ ಇದೇ ಕಥೆ. ಸಹಿ ಹಾಕಿದ್ದು ಆಕೆಗೆ ನೆನಪಿರಲಿಲ್ಲ. ಪ್ರತಿ ಬೆಳಿಗ್ಗೆ ಎರಡು ಮಾತಿನಲ್ಲಿ ಏನು ಮಾಡುತ್ತಾರೆಂದು ಹೇಳಿ, ಬರುತ್ತೀರಾ ಎಂದು ಕೇಳಿಯೇ ಕರೆದೊಯ್ದೆವು. ಬೇಡ ಎಂದರೆ ಅಲ್ಲಿಗೇ ನಿಲ್ಲಿಸಿ ಡಾಕ್ಟರಿಗೆ ಹೇಳಬೇಕು, ಟ್ರಾಲಿ ತಳ್ಳುವುದಲ್ಲ.

ಆ ಐದು ಪ್ರಶ್ನೆಗಳಿಗೆ ಉತ್ತರ ಹೇಳಲು ಐದನೇ ಸಲ 24 ನಿಮಿಷ, ಏಳನೇ ಸಲ 31. ಈ ಸಲ ಡಬ್ಬಿ ತಲೆದಿಂಬಿನ ಕೆಳಗೇ ಇತ್ತು. ಅಂಕಿಗಳನ್ನು ಒಂದು ಸಾಲಿನಲ್ಲಿ ಬರೆದು ತೋರಿಸಿದೆವು. ಗುಣ ಚೆನ್ನಾಗಿ ಕಾಣುತ್ತಿದ್ದುದರಿಂದ ವಾರಕ್ಕೆ ಮೂರು ಇದ್ದದ್ದನ್ನು ಎರಡು ಮಾಡಿದರು. ಎಂಟನೆಯದು 22, ಒಂಬತ್ತನೆಯದು 20. ಕರುಳು ಒಣಗಿದ ಮಾತು ಏಳನೆಯದರ ಆಸುಪಾಸಿನಲ್ಲೇ ನಿಂತಿತ್ತು.

ಇಸಿಟಿ ಮುಗಿದರೆ ಕಾಯಿಲೆ ಮುಗಿದಂತೆ ಎಂದುಕೊಳ್ಳುವುದು ಮನೆಯವರ ದೊಡ್ಡ ತಪ್ಪು ತಿಳುವಳಿಕೆ. 2001ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಇಸಿಟಿಯಿಂದ ಚೇತರಿಸಿಕೊಂಡು ಆಮೇಲೆ ಬರೀ ಹುಸಿಮಾತ್ರೆ ತೆಗೆದುಕೊಂಡವರಲ್ಲಿ ಆರು ತಿಂಗಳೊಳಗೆ ಶೇ. 84 ಜನರಿಗೆ ಖಿನ್ನತೆ ಮರುಕಳಿಸಿತು. ಖಿನ್ನತೆಯ ಮಾತ್ರೆ ನಾರ್‌ಟ್ರಿಪ್ಟಿಲಿನ್ ಜೊತೆ ಲಿಥಿಯಂ ತೆಗೆದುಕೊಂಡವರಲ್ಲಿ ಶೇ. 39. ಅಂದರೆ ಇಸಿಟಿ ಎಬ್ಬಿಸುತ್ತದೆ, ನಿಲ್ಲಿಸಿಟ್ಟುಕೊಳ್ಳುವ ಕೆಲಸ ಮಾತ್ರೆಯದು, ಕೆಲವರಿಗೆ ಅಂತರ ಬಿಟ್ಟು ಮುಂದುವರಿಸುವ ಇಸಿಟಿಯದು. ಮಾತ್ರೆಯ ಪಾಠಕ್ಕೆ ಇಷ್ಟು ಹೊತ್ತು ಕೊಡುವುದು ಇದಕ್ಕೇ.

ಹಾಳೆಯಲ್ಲಿ ಬರೆದದ್ದು ಕೆಲವೇ ಮಾತು, ಒಂದೊಂದರ ಹಿಂದೆ ಮಗಳಿಗೆ ವಿವರ. ಮಿರ್ಟಾಜಪಿನ್ ರಾತ್ರಿ ಮಲಗುವ ಮುಂಚೆ, ಏಕೆಂದರೆ ಅದು ಮಂಪರು ತರಿಸುತ್ತದೆ. ರಾತ್ರಿ ಎದ್ದರೆ ಮಂಚದಲ್ಲಿ ಒಂದು ನಿಮಿಷ ಕೂತು ನಿಲ್ಲಬೇಕು. ಹಸಿವು, ತೂಕ ಎರಡೂ ಏರುತ್ತವೆ, ಜೊತೆಗಿರುವ ಓಲಂಜಪಿನ್‌ದೂ ಅದೇ ಗುಣ. ಈಗ ಬೇಕಾದದ್ದೇ, ಆದರೆ ವಾರಕ್ಕೊಮ್ಮೆ ತೂಕ ಬರೆದಿಡಿ. ಗಂಟಲು ನೋವಿನ ಜೊತೆ ಜ್ವರ ಬಂದರೆ ನೆಗಡಿ ಎಂದು ಕೂರದೆ ರಕ್ತ ಪರೀಕ್ಷೆ ಮಾಡಿಸಿ, ಅಪರೂಪಕ್ಕೆ ಬಿಳಿ ರಕ್ತಕಣ ಇಳಿಯುತ್ತದೆ. ಹೊಸದಾಗಿ ಗೊಂದಲ, ತೂರಾಡುವುದು ಕಂಡರೆ ಸೋಡಿಯಂ ನೋಡಿಸಬೇಕು, ಹಳೆಯ ಬಿಪಿ ಮಾತ್ರೆಯ ಪಟ್ಟಿ ಮನೆಯಲ್ಲಿ ಉಳಿದಿದ್ದರೆ ತೆಗೆದುಹಾಕಿ. ಗುಣವಾದ ಮೇಲೂ ಕನಿಷ್ಠ ಆರರಿಂದ ಒಂಬತ್ತು ತಿಂಗಳು. ನಿಲ್ಲಿಸುವಾಗ ಡಾಕ್ಟರು ಹಂತ ಹಂತವಾಗಿ ಇಳಿಸುತ್ತಾರೆ. ತಟ್ಟನೆ ಬಿಟ್ಟರೆ ತಲೆ ಸುತ್ತು, ಚಡಪಡಿಕೆ, ನಿದ್ದೆಗೇಡು ಬರಬಹುದು. ಅದನ್ನು ಕಂಡು 'ಮಾತ್ರೆಗೆ ದಾಸರಾದರು' ಎನ್ನುತ್ತಾರೆ, ಹಾಗಲ್ಲ, ದೇಹ ಹೊಂದಿಕೊಳ್ಳಲು ಸಮಯ ಸಿಗದ್ದರಿಂದ ಬರುವುದು. ಮಾತ್ರೆ ಮಗಳ ಬೀಗದಲ್ಲಿ, ಒಂದು ಸಲಕ್ಕೆ ಎರಡು ವಾರದ್ದು ಮಾತ್ರ. ನೆನಪು ಸರಿಹೋಗುವವರೆಗೆ ಗಾಡಿ ಓಡಿಸುವುದು, ಆಸ್ತಿ ಪತ್ರಕ್ಕೆ ಸಹಿ ಹಾಕುವುದು ಬೇಡ.

ಎರಡು ವಾರ ಬಿಟ್ಟು ಬಂದರು. ಸೋಡಿಯಂ 137, ತೂಕ 52. ನಮ್ಮಲ್ಲಿ ಒಬ್ಬರ ಮುಖವೂ ಆಕೆಗೆ ಗುರುತು ಸಿಗಲಿಲ್ಲ, ನಾಚಿಕೊಂಡರು. ಹಾಳೆ ಮಾತ್ರ ನಾಲ್ಕಾಗಿ ಮಡಚಿ ಚೀಲದಲ್ಲಿತ್ತು, ಹಿಂಭಾಗದಲ್ಲಿ ರಾತ್ರಿಗೊಂದು ಗೆರೆ ಎಳೆದಿದ್ದರು. ಎಣಿಸಿದರೆ ಹದಿಮೂರು. ಹದಿನಾಲ್ಕು ಇರಬೇಕಿತ್ತಲ್ಲ ಎಂದರೆ ಮಗಳು, "ಒಂದು ದಿನ ಬೇಗ ಮಲಗಿಬಿಟ್ಟರು ಸಿಸ್ಟರ್, ಬೆಳಿಗ್ಗೆ ನೆನಪಾಯಿತು, ರಾತ್ರಿ ಎರಡು ಕೊಡಲಾ ಅಂತ ಯೋಚಿಸಿ ಕೊಡಲಿಲ್ಲ" ಅಂದಳು. ಸರಿಯಾದದ್ದನ್ನೇ ಮಾಡಿದ್ದಳು. ಆ ಮಾತು ಹಾಳೆಯಲ್ಲಿ ಇರಲಿಲ್ಲ, ಪೆನ್ನು ತೆಗೆದು ಕೆಳಗೆ ಸೇರಿಸಿದೆವು: ಒಂದು ರಾತ್ರಿ ತಪ್ಪಿದರೆ ಬಿಟ್ಟುಬಿಡಿ, ಮರುದಿನ ಎರಡು ಬೇಡ.